ಊದಿದಾಗ ಒಂದು ಅಂಕಿ, ರಕ್ತದಲ್ಲಿ ಇನ್ನೊಂದು, ಮೂತ್ರದಲ್ಲಿ ಮತ್ತೊಂದು: ಆಲ್ಕೋಹಾಲ್ ಪರೀಕ್ಷೆಯ ಲೆಕ್ಕಾಚಾರ

2025ರ ಜುಲೈನಲ್ಲಿ ಕೇರಳದ ಪಂದಳಂ ಬಸ್ ಡಿಪೋದಿಂದ ಒಂದು ಸುದ್ದಿ ಬಂತು. ಡ್ಯೂಟಿಗೆ ಹತ್ತುವ ಮೊದಲು ಊದಿಸಿದಾಗ, ಕುಡಿದಿರದ ಚಾಲಕರ ಉಸಿರಿನಲ್ಲೂ ಯಂತ್ರ ಆಲ್ಕೋಹಾಲ್ ತೋರಿಸಿತ್ತು. ಅವರು ಚೆನ್ನಾಗಿ ಕಳಿತ ಹಲಸಿನ ತೊಳೆ ತಿಂದು ಬಂದಿದ್ದರು. ಮೊದಲು ಊದಿ ಸೊನ್ನೆ ಬಂದಿದ್ದವರಿಗೆ ಅದೇ ಹಣ್ಣು ತಿನ್ನಿಸಿ ಮತ್ತೆ ಊದಿಸಿದರೆ ಅವರಿಗೂ ಅಂಕಿ ಬಂತು ಎಂದು ಪತ್ರಿಕೆಗಳು ಬರೆದವು.

ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ. ತನ್ನೊಳಕ್ಕೆ ಬಂದ ಗಾಳಿಯಲ್ಲಿ ಆಲ್ಕೋಹಾಲ್ ಇತ್ತು, ಅದನ್ನು ತೋರಿಸಿತು. ಆ ಆಲ್ಕೋಹಾಲ್ ರಕ್ತದಿಂದ ಬಂತೋ ಬಾಯಿಂದ ಬಂತೋ ಎಂಬುದು ಅದಕ್ಕೆ ಗೊತ್ತಾಗಲಿಲ್ಲ. ರಾತ್ರಿ ಹೊತ್ತು ರಸ್ತೆಯಲ್ಲಿ ಆಲ್ಕೋಮೀಟರ್ ಮುಂದೆ ನಿಲ್ಲಬೇಕಾದವರು, ಡ್ಯೂಟಿಗೆ ಮುಂಚೆ ದಿನಾ ಊದಬೇಕಾದ ಚಾಲಕರು, ಆಸ್ಪತ್ರೆ ವರದಿ ಹಿಡಿದು ವಕೀಲರ ಬಳಿ ಹೋಗುವವರು, ಇವರೆಲ್ಲರ ಗೊಂದಲದ ಬೇರು ಇಲ್ಲೇ ಇದೆ. ಅಳೆಯುವುದು ಒಂದನ್ನು, ಹೇಳುವುದು ಇನ್ನೊಂದನ್ನು.

## ಕಾನೂನು ಕೇಳುವುದು ರಕ್ತದ ಲೆಕ್ಕ

ನಮ್ಮ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಚಾಲಕರ 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಆಲ್ಕೋಹಾಲ್ ಇರಬಾರದು. ಮಿತಿ ಹೇಳಿರುವುದು ರಕ್ತದ ಲೆಕ್ಕದಲ್ಲಿ. ಆದರೆ ಅದನ್ನು ಪತ್ತೆ ಮಾಡಲು ಅದೇ ಸೆಕ್ಷನ್ ಮೊದಲು ಹೆಸರಿಸುವ ಸಾಧನ ಉಸಿರು ಪರೀಕ್ಷಕ. ಲ್ಯಾಬ್ ಪರೀಕ್ಷೆ ಸೇರಿದಂತೆ ಬೇರೆ ಪರೀಕ್ಷೆಗಳನ್ನೂ 2019ರ ತಿದ್ದುಪಡಿ ಸೇರಿಸಿತು.

ಉಸಿರಿನಿಂದ ರಕ್ತದ ಲೆಕ್ಕಕ್ಕೆ ಹೋಗುವುದು ಹೇಗೆ? ಶ್ವಾಸಕೋಶದ ತುದಿಯಲ್ಲಿ ಕೋಟ್ಯಂತರ ಪುಟ್ಟ ಗಾಳಿಗೂಡುಗಳಿವೆ. ಅವುಗಳ ಗೋಡೆ ಎಷ್ಟು ತೆಳುವೆಂದರೆ ರಕ್ತ ಒಂದು ಬದಿ, ಗಾಳಿ ಇನ್ನೊಂದು ಬದಿ ಹರಿಯುತ್ತಿರುವಾಗಲೇ ಆಮ್ಲಜನಕ ಒಳಗೆ ಹೋಗುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. ಆಲ್ಕೋಹಾಲ್ ಆವಿಯಾಗುವ ವಸ್ತುವಾದ್ದರಿಂದ ಅದರ ಒಂದು ಸಣ್ಣ ಪಾಲೂ ಗಾಳಿಗೆ ದಾಟುತ್ತದೆ. ಉಷ್ಣಾಂಶ ಒಂದೇ ಆಗಿದ್ದರೆ ರಕ್ತದಲ್ಲಿ ಎಷ್ಟಿದೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲೇ ಗಾಳಿಯಲ್ಲೂ ಇರುತ್ತದೆ. ರಕ್ತದಲ್ಲಿ ಎರಡರಷ್ಟಾದರೆ ಉಸಿರಿನಲ್ಲೂ ಎರಡರಷ್ಟು.

ಹೊರಬರುವ ಉಸಿರಿನ ಉಷ್ಣಾಂಶ ಸುಮಾರು 34 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡು, 1 ಮಿ.ಲೀ. ರಕ್ತದಲ್ಲಿರುವಷ್ಟೇ ಆಲ್ಕೋಹಾಲ್ 2,100 ಮಿ.ಲೀ. ಉಸಿರಿನಲ್ಲಿದೆ ಎಂದು ಹೆಚ್ಚಿನ ಯಂತ್ರಗಳು ಲೆಕ್ಕ ಹಾಕುತ್ತವೆ. ಯಂತ್ರ ಉಸಿರನ್ನು ಅಳೆದು, 2,100ರಿಂದ ಗುಣಿಸಿ, ಪರದೆಯ ಮೇಲೆ ರಕ್ತದ ಅಂಕಿ ತೋರಿಸುತ್ತದೆ. ಈ 2,100 ಎಂಬ ಸಂಖ್ಯೆ ಎಲ್ಲೂ ಕಣ್ಣಿಗೆ ಕಾಣುವುದಿಲ್ಲ, ಆದರೆ ಪ್ರತಿ ಚೀಟಿಯ ಹಿಂದೆಯೂ ಅದೇ ಕೂತಿದೆ. ನಮ್ಮ 30 ಮಿ.ಗ್ರಾಂ. ಮಿತಿಯನ್ನು ಉಸಿರಿಗೆ ತಂದರೆ ಒಂದು ಲೀಟರ್ ಗಾಳಿಯಲ್ಲಿ 0.14 ಮಿ.ಗ್ರಾಂ. ಮಾತ್ರ. ಅಷ್ಟು ಚಿಕ್ಕ ಪ್ರಮಾಣವನ್ನು ಯಂತ್ರ ಹಿಡಿಯಬೇಕು.

ಪರದೆಯ ಮೇಲಿನ ಏಕಮಾನ ನೋಡದೆ ಅಂಕಿ ಓದಬಾರದು ಎನ್ನುವುದೂ ಇದಕ್ಕೇ. ಒಂದು ಯಂತ್ರ 30 ಎಂದು ತೋರಿಸಿದರೆ, ಇನ್ನೊಂದು `0.03 %BAC` ಎಂದೂ ಮತ್ತೊಂದು `0.14 mg/L` ಎಂದೂ ತೋರಿಸಬಹುದು. ಮೂರೂ ಒಂದೇ. ಕೊನೆಯದು ಮಾತ್ರ ಉಸಿರಿನ ನೇರ ಅಳತೆ, ಮೊದಲ ಎರಡು ಗುಣಿಸಿ ಬಂದವು.

ಬ್ರಿಟನ್ ಈ ಗುಣಾಕಾರವನ್ನೇ ಕಾನೂನಿನಿಂದ ಹೊರಗಿಟ್ಟಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಮಿತಿ: 100 ಮಿ.ಲೀ. ಉಸಿರಿನಲ್ಲಿ 35 ಮೈಕ್ರೋಗ್ರಾಂ, ಅಷ್ಟೇ ರಕ್ತದಲ್ಲಿ 80 ಮಿ.ಗ್ರಾಂ., ಅಷ್ಟೇ ಮೂತ್ರದಲ್ಲಿ 107 ಮಿ.ಗ್ರಾಂ. ಉಸಿರಿನ ಮಿತಿ ಮೀರಿದರೆ ಉಸಿರಿನ ಮಿತಿಯೇ ಮೀರಿದಂತೆ, ರಕ್ತದಲ್ಲಿ ಎಷ್ಟಿತ್ತೆಂಬ ವಾದಕ್ಕೆ ಅಲ್ಲಿ ಎಡೆ ಕಡಿಮೆ. ಒಂದೇ ಕಾನೂನಿನ ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು, ಮೂರು ಪರೀಕ್ಷೆ ಒಂದೇ ಉತ್ತರ ಕೊಡಬೇಕೆಂಬ ನಿರೀಕ್ಷೆ ತಪ್ಪು ಎಂದು ಗೊತ್ತಾಗುತ್ತದೆ.

## ಊದಿದ ಗಾಳಿಗೆ ಯಂತ್ರದೊಳಗೆ ಏನಾಗುತ್ತದೆ

ಕೈಯಲ್ಲಿ ಹಿಡಿಯುವ ಒಳ್ಳೆಯ ಯಂತ್ರಗಳಲ್ಲಿ ಇರುವುದು ಫ್ಯೂಯೆಲ್ ಸೆಲ್. ಬೆರಳ ಉಗುರಿನಷ್ಟಗಲದ, ಸಣ್ಣ ರಂಧ್ರಗಳ ಒಂದು ಬಿಲ್ಲೆ, ಅದು ಹೀರಿಕೊಂಡ ಆಮ್ಲ, ಎರಡೂ ಬದಿಗೆ ಪ್ಲಾಟಿನಂ ಲೇಪನ. ಒಂದು ಬದಿಯ ಪ್ಲಾಟಿನಂಗೆ ಆಲ್ಕೋಹಾಲ್ ತಗುಲಿದರೆ ಅದು ಅಸಿಟಿಕ್ ಆಮ್ಲವಾಗಿ, ಎಂದರೆ ವಿನೆಗರ್‌ನಲ್ಲಿರುವ ಆಮ್ಲವಾಗಿ ಬದಲಾಗುತ್ತದೆ. ಆಲ್ಕೋಹಾಲ್‌ನ ಪ್ರತಿ ಅಣುವೂ ಬದಲಾಗುವಾಗ ನಾಲ್ಕು ಎಲೆಕ್ಟ್ರಾನ್ ಬಿಟ್ಟುಕೊಡುತ್ತದೆ. ಅವು ತಂತಿಯಲ್ಲಿ ಹರಿದು ಇನ್ನೊಂದು ಬದಿಗೆ ಹೋಗುತ್ತವೆ. ಹರಿದ ಒಟ್ಟು ವಿದ್ಯುತ್ತನ್ನು ಕೂಡಿಸಿದರೆ ಎಷ್ಟು ಆಲ್ಕೋಹಾಲ್ ಬಂದಿತ್ತೆಂದು ತಿಳಿಯುತ್ತದೆ.

ಆದರೆ ಯಾವ ಗಾಳಿಯನ್ನು ಈ ಸೆಲ್‌ಗೆ ಕೊಡಬೇಕು? ಊದಲು ಶುರು ಮಾಡಿದಾಗ ಮೊದಲು ಬರುವುದು ಬಾಯಿ ಮತ್ತು ಗಂಟಲಿನ ಗಾಳಿ. ಅದಕ್ಕೂ ರಕ್ತಕ್ಕೂ ಸಂಬಂಧ ಕಡಿಮೆ. ಊದುತ್ತ ಹೋದಂತೆ ಶ್ವಾಸಕೋಶದ ಆಳದ ಗಾಳಿ ಬರುತ್ತದೆ, ಆಲ್ಕೋಹಾಲ್ ಪ್ರಮಾಣ ಏರುತ್ತ ಹೋಗಿ ಕೊನೆಗೆ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಅದಕ್ಕೇ ಯಂತ್ರ ಒತ್ತಡವನ್ನು ಗಮನಿಸುತ್ತ ಒಂದು ಲೀಟರ್‌ಗಿಂತ ಹೆಚ್ಚು ಗಾಳಿ ಹಾದುಹೋಗುವವರೆಗೆ ಕಾಯುತ್ತದೆ. ಬಳಿಕ ಒಳಗಿನ ಪುಟ್ಟ ಪಂಪು ಸುಮಾರು 1 ಮಿ.ಲೀ. ಗಾಳಿಯನ್ನಷ್ಟೇ ಸೆಲ್‌ಗೆ ಎಳೆದುಕೊಳ್ಳುತ್ತದೆ. ಪೊಲೀಸರು "ಇನ್ನೂ ಊದಿ, ಇನ್ನೂ ಊದಿ" ಎನ್ನುವುದು ಈ ಕೊನೆಯ ಗಾಳಿಗಾಗಿ. ಅರ್ಧಕ್ಕೆ ನಿಲ್ಲಿಸಿದರೆ ಯಂತ್ರ ಮಾದರಿಯನ್ನು ಒಪ್ಪದೆ ಮತ್ತೆ ಊದಿಸುತ್ತದೆ. ಜೋರು ಆಸ್ತಮಾ ಇರುವವರಿಗೆ, ಶ್ವಾಸಕೋಶ ಹಾಳಾದವರಿಗೆ ಅಷ್ಟು ಗಾಳಿ ಒಂದೇ ಉಸಿರಿಗೆ ಬರದೇ ಹೋಗಬಹುದು. ಅವರಿಗೆ ಸರಿಯಾದ ದಾರಿ ರಕ್ತ ಪರೀಕ್ಷೆ.

ಉಸಿರು ಬಿಗಿಹಿಡಿದು ಊದಿದರೆ ಅಂಕಿ ತುಸು ಏರುತ್ತದೆ, ಮೊದಲೇ ಏದುಸಿರು ಬಿಟ್ಟು ಊದಿದರೆ ತುಸು ಇಳಿಯುತ್ತದೆ. ಜ್ವರ ಇದ್ದರೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಶೇ. 6ರಿಂದ 7ರಷ್ಟು ಹೆಚ್ಚು ಬರುತ್ತದೆ. ಮಿತಿಗಿಂತ ತೀರಾ ಮೇಲಿರುವವರಿಗೆ ಇದರಿಂದ ವ್ಯತ್ಯಾಸವಿಲ್ಲ. 31, 32ರಂತಹ ಅಂಚಿನ ಅಂಕಿಗೆ ಮಾತ್ರ ಇದು ದೊಡ್ಡ ವಿಷಯ.

ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋದವರ ಉಸಿರಿನಲ್ಲಿ ಬರುವ ಅಸಿಟೋನ್‌ಗೆ ಫ್ಯೂಯೆಲ್ ಸೆಲ್ ಸೊಪ್ಪು ಹಾಕುವುದಿಲ್ಲ. ಆನ್‌ಲೈನ್‌ನಲ್ಲಿ ಸಾವಿರ, ಎರಡು ಸಾವಿರ ರೂಪಾಯಿಗೆ ಸಿಗುವ ಕೀ ಚೈನ್ ಗಾತ್ರದ ಸಾಧನಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವು ಕಾದ ಟಿನ್ ಆಕ್ಸೈಡ್ ಸೆನ್ಸರ್ ಬಳಸುತ್ತವೆ. ಅದು ಅಸಿಟೋನ್, ಸಿಗರೇಟು ಹೊಗೆ, ಗಾಳಿಯ ತೇವ ಎಲ್ಲಕ್ಕೂ ಸ್ಪಂದಿಸುತ್ತದೆ. ಅದರ ಸೊನ್ನೆ ನಂಬಿ ಗಾಡಿ ತೆಗೆಯುವುದು ಅಪಾಯ. ಇನ್ನು ಸ್ಯಾನಿಟೈಸರ್ ವಿಷಯದಲ್ಲಿ ಫ್ಯೂಯೆಲ್ ಸೆಲ್ ಕೂಡ ಮೋಸ ಹೋಗುತ್ತದೆ, ಏಕೆಂದರೆ ಅದರಲ್ಲಿರುವುದೂ ಆಲ್ಕೋಹಾಲೇ. ಊದಿಸುವವರು ಆಗತಾನೇ ಕೈಗೆ ಹಚ್ಚಿಕೊಂಡು ಒದ್ದೆ ಕೈಯಲ್ಲೇ ಊದುಕೊಳವೆ ಸಿಕ್ಕಿಸಿದರೆ ಆ ಆವಿಯೂ ಒಳಗೆ ಹೋಗುತ್ತದೆ. ಪ್ರತಿಯೊಬ್ಬರನ್ನು ಊದಿಸುವ ಮುನ್ನ ಬರಿ ಗಾಳಿ ಎಳೆದು ಸೊನ್ನೆ ಬರುತ್ತದೆಯೇ ಎಂದು ನೋಡುವುದು ಇಂಥದ್ದನ್ನು ಹಿಡಿಯಲಿಕ್ಕೆ.

## ಬಾಯಲ್ಲೇ ಉಳಿದ ಆಲ್ಕೋಹಾಲ್

ಹಲಸಿನ ಹಣ್ಣಿನ ಪ್ರಶ್ನೆಗೆ ಈಗ ಬರೋಣ. ಅತಿಯಾಗಿ ಕಳಿತ ಹಣ್ಣಿನಲ್ಲಿ ಸಕ್ಕರೆ ಹುಳಿಯಲು ಶುರುವಾಗಿ ಸ್ವಲ್ಪ ಆಲ್ಕೋಹಾಲ್ ಹುಟ್ಟಿರುತ್ತದೆ. ತಿಂದಾಗ ಅದರ ರಸ ಹಲ್ಲಿನ ಸಂದಿ, ಕೆನ್ನೆಯ ಒಳಬದಿಯಲ್ಲಿ ಅಂಟಿಕೊಳ್ಳುತ್ತದೆ. ಆಳದಿಂದ ಬರುವ ಶುದ್ಧ ಉಸಿರು ಬಾಯಿ ದಾಟುವಾಗ ಆ ಆವಿಯನ್ನು ಹೊತ್ತುಕೊಂಡು ಯಂತ್ರಕ್ಕೆ ಹೋಗುತ್ತದೆ. ಯಂತ್ರ ಎಂದಿನಂತೆ 2,100ರಿಂದ ಗುಣಿಸುತ್ತದೆ.

ಈ ಗುಣಾಕಾರದಿಂದ ಎಷ್ಟು ಅನಾಹುತ ಆಗಬಹುದೆಂದು ನಮ್ಮ ಮನೆಗಳಲ್ಲೇ ಇರುವ ಅರಿಷ್ಟದ ಬಾಟಲಿಯಿಂದ ನೋಡಬಹುದು. ಆಯುರ್ವೇದದ ಅರಿಷ್ಟ, ಆಸವಗಳಲ್ಲಿ ಹುಳಿಯುವಾಗ ತಾನಾಗೇ ಹುಟ್ಟಿದ ಆಲ್ಕೋಹಾಲ್ ಇರುತ್ತದೆ. ಶೇ. 10 ಎಂದಿಟ್ಟುಕೊಳ್ಳೋಣ. ಊಟವಾದ ಮೇಲೆ 30 ಮಿ.ಲೀ. ಕುಡಿದರೆ ದೇಹ ಸೇರುವುದು ಸುಮಾರು 2.4 ಗ್ರಾಂ ಆಲ್ಕೋಹಾಲ್. 65 ಕೆ.ಜಿ. ತೂಕದ ಗಂಡಸಿನಲ್ಲಿ ಅದಷ್ಟೂ ರಕ್ತಕ್ಕೆ ಹೋದರೂ 100 ಮಿ.ಲೀ.ಗೆ 6 ಮಿ.ಗ್ರಾಂ. ದಾಟುವುದು ಕಷ್ಟ. ಮಿತಿಯ ಐದನೇ ಒಂದು ಪಾಲೂ ಇಲ್ಲ. ಆದರೆ ಬಾಯಲ್ಲಿ ಉಳಿದ ಒಂದೇ ಒಂದು ಹನಿಯಲ್ಲಿ ಸುಮಾರು 4 ಮಿ.ಗ್ರಾಂ. ಆಲ್ಕೋಹಾಲ್ ಇರುತ್ತದೆ. ಮಿತಿಯಲ್ಲಿರುವ ಮನುಷ್ಯನ ಒಂದೂವರೆ ಲೀಟರ್ ಉಸಿರಿನಲ್ಲಿ ಇರುವುದು 0.2 ಮಿ.ಗ್ರಾಂ. ಹನಿಯ ಇಪ್ಪತ್ತನೇ ಒಂದು ಪಾಲು ಆವಿಯಾಗಿ ಹೋದರೂ ಯಂತ್ರಕ್ಕೆ ಕುಡಿದಂತೆಯೇ ಕಾಣುತ್ತದೆ. ಆಲ್ಕೋಹಾಲ್ ಇರುವ ಮೌತ್‌ವಾಶ್, ಹೋಮಿಯೋಪತಿ ಹನಿ, ಕೆಮ್ಮಿನ ಸಿರಪ್ ಎಲ್ಲವೂ ಇದೇ ಸಾಲಿನವು. ತೇಗು ಬಂದು ಹೊಟ್ಟೆಯಲ್ಲಿದ್ದ ಮದ್ಯ ಗಂಟಲಿಗೆ ಏರಿದರೂ ಇದೇ ಫಲ.

ಪರಿಹಾರ ಸರಳ, ಆದರೆ ತಾಳ್ಮೆ ಬೇಕು. ಜೊಲ್ಲು ಬಾಯಿಯನ್ನು ತೊಳೆಯುತ್ತಲೇ ಇರುವುದರಿಂದ 15 ನಿಮಿಷದಲ್ಲಿ ಈ ಆಲ್ಕೋಹಾಲ್ ಹೋಗಿಬಿಡುತ್ತದೆ. ಆ ಹೊತ್ತಿನಲ್ಲಿ ಏನೂ ತಿನ್ನಬಾರದು, ಕುಡಿಯಬಾರದು, ಬಾಯಿ ಮುಕ್ಕಳಿಸುವುದಿದ್ದರೆ ನೀರಿನಲ್ಲಿ ಮಾತ್ರ. ಎರಡನೇ ಸಲ ಊದಿದಾಗ ಬರುವ ಅಂಕಿಯೇ ಮೂಲವನ್ನು ಹೇಳುತ್ತದೆ. ರಕ್ತದಲ್ಲಿದ್ದ ಆಲ್ಕೋಹಾಲ್ ಗಂಟೆಗೆ ಸುಮಾರು 15 ಮಿ.ಗ್ರಾಂ. ಮಾತ್ರ ಇಳಿಯುವುದರಿಂದ 15 ನಿಮಿಷದಲ್ಲಿ 60 ಇದ್ದದ್ದು 56 ಆಗಬಹುದು. 60 ಇದ್ದದ್ದು 2ಕ್ಕೋ ಸೊನ್ನೆಗೋ ಬಿದ್ದರೆ ಅದು ಬಾಯಿಯದು, ಅನುಮಾನವೇ ಬೇಡ. ಠಾಣೆಯಲ್ಲಿ ಮೇಜಿನ ಮೇಲಿಟ್ಟು ಬಳಸುವ ಇನ್‌ಫ್ರಾರೆಡ್ ಯಂತ್ರಗಳು ಕೆಲವು ದೇಶಗಳಲ್ಲಿವೆ. ಅವು ಉಸಿರು ಹರಿಯುವಷ್ಟು ಹೊತ್ತೂ ಅಳೆಯುತ್ತ, ಅಂಕಿ ಮೊದಲೇ ಏರಿ ಆಮೇಲೆ ಇಳಿದರೆ ಅದನ್ನು ಗುರುತಿಸಲು ನೋಡುತ್ತವೆ. ಒಂದೇ ಗುಟುಕು ಗಾಳಿ ಎಳೆದುಕೊಳ್ಳುವ ಕೈಯಂತ್ರಕ್ಕೆ ಆ ನೋಟವಿಲ್ಲ. ಹಾಗಾಗಿ ಕೈಯಂತ್ರದ ಒಂದೇ ಅಂಕಿಗಿಂತ, ನಡುವೆ 15 ನಿಮಿಷ ಬಿಟ್ಟ ಎರಡು ಅಂಕಿಗಳ ಬೆಲೆ ಬಹಳ ಹೆಚ್ಚು.

## ಒಂದು ನೈಂಟಿ, ಒಬ್ಬನೇ ಮನುಷ್ಯ, ಹಲವು ಅಂಕಿ

65 ಕೆ.ಜಿ. ತೂಕದ ಒಬ್ಬ ಗಂಡಸು ರಾತ್ರಿ 9ಕ್ಕೆ 90 ಮಿ.ಲೀ. ವಿಸ್ಕಿ ಕುಡಿಯಲು ಶುರು ಮಾಡಿ 9.10ಕ್ಕೆ ಮುಗಿಸಿದ ಎನ್ನೋಣ. ನಮ್ಮ ಬಾಟಲಿಗಳ ಮೇಲೆ ಶೇ. 42.8 ಎಂದು ಬರೆದಿರುತ್ತದೆ. ಆ ಲೆಕ್ಕದಲ್ಲಿ ಅವನೊಳಗೆ ಹೋದದ್ದು ಸುಮಾರು 30 ಗ್ರಾಂ ಆಲ್ಕೋಹಾಲ್. ಅದು ದೇಹದ ನೀರಿನಲ್ಲೆಲ್ಲ ಹಂಚಿಹೋದರೆ, ದೇಹ ಒಂದು ಹನಿಯನ್ನೂ ಕಳೆಯದಿದ್ದಾಗ 100 ಮಿ.ಲೀ. ರಕ್ತಕ್ಕೆ ಸುಮಾರು 70 ಮಿ.ಗ್ರಾಂ. ಬರಬೇಕು. ಅದರಿಂದ ಗಂಟೆಗೆ 15ರಂತೆ ಕಳೆಯುತ್ತ ಹೋಗಿ. ಇದು ಸರಾಸರಿ ಲೆಕ್ಕ. ಹೆಂಗಸರಲ್ಲಿ, ತೂಕ ಕಡಿಮೆ ಇರುವವರಲ್ಲಿ ಇಷ್ಟೇ ಮದ್ಯಕ್ಕೆ ಅಂಕಿ ಹೆಚ್ಚಾಗುತ್ತದೆ.

9.40ಕ್ಕೆ ಅವನನ್ನು ನಿಲ್ಲಿಸಿ ಊದಿಸಿದರು. ಕೊನೆಯ ಗುಟುಕಿನಿಂದ ಅರ್ಧ ಗಂಟೆ ಕಳೆದಿರುವುದರಿಂದ ಬಾಯಿ ಶುದ್ಧವಾಗಿದೆ. ಯಂತ್ರ 58 ತೋರಿಸಿತು. ಅದೇ ನಿಮಿಷ ತೋಳಿನಿಂದ ರಕ್ತ ತೆಗೆದಿದ್ದರೆ 45 ಬರಬಹುದಿತ್ತು. ಏಕೆ? ಕರುಳಿನಿಂದ ಹೀರಲ್ಪಟ್ಟ ಆಲ್ಕೋಹಾಲ್ ಮೊದಲು ಯಕೃತ್ತಿಗೆ, ಅಲ್ಲಿಂದ ಹೃದಯಕ್ಕೆ, ಶ್ವಾಸಕೋಶಕ್ಕೆ, ಬಳಿಕ ಅಪಧಮನಿಗಳಿಗೆ ಹೋಗುತ್ತದೆ. ತೋಳಿನ ಸ್ನಾಯುಗಳು ತಮ್ಮ ಪಾಲನ್ನು ಹೀರಿಕೊಂಡು ಬಿಟ್ಟ ರಕ್ತ ಸಿರೆಯಲ್ಲಿ ವಾಪಸು ಬರುತ್ತದೆ. ಸೂಜಿ ಚುಚ್ಚುವುದು ಆ ಸಿರೆಗೆ. ಕುಡಿದದ್ದು ಇನ್ನೂ ಹೊಟ್ಟೆಯಿಂದ ಇಳಿಯುತ್ತಿರುವಷ್ಟು ಹೊತ್ತು ಉಸಿರು ಮುಂದೆ, ಸಿರೆಯ ರಕ್ತ ಹಿಂದೆ. ಮೆದುಳಿಗೆ ಹೋಗುವುದು ಅಪಧಮನಿಯ ರಕ್ತವೇ ಆದ್ದರಿಂದ, ಆ ಹೊತ್ತಿನಲ್ಲಿ ಉಸಿರಿನ ಅಂಕಿ ಹುಸಿ ಎನ್ನಲಾಗದು.

ರಾತ್ರಿ 11ಕ್ಕೆ ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಈಗ ಹೀರುವಿಕೆ ಮುಗಿದಿದೆ. 70ರಿಂದ ಎರಡು ಗಂಟೆಯ 30 ಕಳೆದರೆ 40. ಈ ಹಂತದಲ್ಲಿ ಊದಿಸಿದರೆ ಯಂತ್ರ ಸುಮಾರು 36 ತೋರಿಸುತ್ತದೆ, ಎಂದರೆ ಈಗ ಉಸಿರೇ ಕಡಿಮೆ. ಹೀರುವಿಕೆ ಮುಗಿದ ಮೇಲೆ ಹೆಚ್ಚಿನವರಲ್ಲಿ ನಿಜವಾದ ಅನುಪಾತ 2,300ರ ಆಸುಪಾಸಿಗೆ ಬರುತ್ತದೆ, ಆದರೆ ಯಂತ್ರ ಗುಣಿಸುವುದು 2,100ರಿಂದಲೇ. ಈ ವ್ಯತ್ಯಾಸ ಊದಿದವನ ಪರವಾಗಿದೆ ಎಂಬುದನ್ನು ಗಮನಿಸಬೇಕು.

ಅದೇ 11 ಗಂಟೆಯ ರಕ್ತವನ್ನು ಆಸ್ಪತ್ರೆಯ ಲ್ಯಾಬ್ ಸೀರಂ ಮಾಡಿ ಪರೀಕ್ಷಿಸಿದರೆ 46 ಬರುತ್ತದೆ! ಆಲ್ಕೋಹಾಲ್ ಇರುವುದು ನೀರಿನಲ್ಲಿ. ಪೂರ್ತಿ ರಕ್ತದಲ್ಲಿ ನೀರು ಶೇ. 80ರಷ್ಟು, ರಕ್ತಕಣ ತೆಗೆದ ಸೀರಂನಲ್ಲಿ ಶೇ. 90ಕ್ಕೂ ಹೆಚ್ಚು. ಹಾಗಾಗಿ ಸೀರಂ ಅಂಕಿ ಶೇ. 15ರಷ್ಟು ಜಾಸ್ತಿ ಇರುತ್ತದೆ. ಕಾಯ್ದೆ ಹೇಳುವುದು ರಕ್ತ ಎಂದು. ವರದಿಯಲ್ಲಿ ಸೀರಂ ಎಂದಿದ್ದರೆ 1.15ರಿಂದ ಭಾಗಿಸದೆ 30ರ ಜೊತೆ ಹೋಲಿಸಬಾರದು. ಸೀರಂನಲ್ಲಿ 33 ಬಂದವನ ರಕ್ತದಲ್ಲಿ 29 ಇರಬಹುದು.

## ಮೂತ್ರ ಹೇಳುವುದು ಹಿಂದಿನ ಮಾತು

ಇವನ ಮೂತ್ರವನ್ನೂ 11ಕ್ಕೇ ಪರೀಕ್ಷಿಸಿದರೆ ಸುಮಾರು 54 ಬರುತ್ತದೆ. ಇದಕ್ಕೆ ಎರಡು ಕಾರಣ. ಮೊದಲನೆಯದು ಸೀರಂನದ್ದೇ: ಮೂತ್ರ ಬಹುಪಾಲು ನೀರೇ ಆದ್ದರಿಂದ, ಮೂತ್ರಪಿಂಡದಲ್ಲಿ ಹುಟ್ಟುವಾಗಲೇ ಅದರಲ್ಲಿ ರಕ್ತದ ಸುಮಾರು 1.3 ಪಟ್ಟು ಆಲ್ಕೋಹಾಲ್ ಇರುತ್ತದೆ. ಬ್ರಿಟನ್ನಿನ 80 ಮತ್ತು 107ರ ನಡುವಿನ ಅಂತರವೂ ಇದೇ.

ಎರಡನೆಯ ಕಾರಣ ಹೆಚ್ಚು ತೊಡಕಿನದು. ಮೂತ್ರಕೋಶ ಮನೆಯ ಸಂಪಿನ ಹಾಗೆ. ಸಂಜೆ ಬಿಟ್ಟ ನೀರು, ರಾತ್ರಿ ಬಿಟ್ಟ ನೀರು ಎಲ್ಲ ಅದರಲ್ಲಿ ಬೆರೆತಿರುತ್ತದೆ, ಒಂದು ಲೋಟ ಮೊಗೆದು ನೋಡಿ ಈಗ ನಲ್ಲಿಯಲ್ಲಿ ಬರುತ್ತಿರುವುದು ಹೇಗಿದೆ ಎಂದು ಹೇಳಲಾಗದು. ನಮ್ಮ ಮನುಷ್ಯ 9ಕ್ಕೆ ಮೂತ್ರ ಮಾಡಿ ಆಮೇಲೆ 12.30ರವರೆಗೆ ಮಾಡಲಿಲ್ಲ ಎನ್ನಿ. ಅಷ್ಟರಲ್ಲಿ ಅವನ ರಕ್ತ 17ರ ಆಸುಪಾಸಿಗೆ ಇಳಿದು ಮಿತಿಯ ಒಳಗೆ ಬಂದಿದೆ. ಮೂತ್ರ ಮಾತ್ರ ಇನ್ನೂ 45ರ ಹತ್ತಿರ ತೋರಿಸುತ್ತದೆ. 1.3ರಿಂದ ಭಾಗಿಸಿದರೂ 30ರ ಮೇಲೆಯೇ. ಕುಡಿದ ಮೊದಲ ಅರ್ಧ ಗಂಟೆಯಲ್ಲಿ ಇದಕ್ಕೆ ಉಲ್ಟಾ: ರಕ್ತ ಏರುತ್ತಿರುತ್ತದೆ, ಮೂತ್ರಕೋಶದಲ್ಲಿ ಕುಡಿಯುವ ಮೊದಲಿನ ಮೂತ್ರ ತುಂಬಿರುತ್ತದೆ, ಅಂಕಿ ತೀರಾ ಕಡಿಮೆ ಬರುತ್ತದೆ.

ಅದಕ್ಕೇ ಬ್ರಿಟನ್ನಿನ ವಿಧಾನದಲ್ಲಿ ಮೊದಲ ಮೂತ್ರವನ್ನು ಚೆಲ್ಲಿ, ಮಾದರಿ ಕೇಳಿದ ಒಂದು ಗಂಟೆಯೊಳಗೆ ಕೊಟ್ಟ ಎರಡನೇ ಮಾದರಿಯನ್ನು ಮಾತ್ರ ಲ್ಯಾಬ್‌ಗೆ ಕಳಿಸುತ್ತಾರೆ. ಸಂಪು ಖಾಲಿ ಮಾಡಿ ಹೊಸದಾಗಿ ಸೇರಿದ್ದನ್ನಷ್ಟೇ ನೋಡಿದಂತೆ. ಒಂದೇ ಸಲ ತೆಗೆದ ಮೂತ್ರದಿಂದ ಆ ಕ್ಷಣದ ರಕ್ತದ ಅಂಕಿ ಹೇಳುವ ವರದಿಯನ್ನು ಒಪ್ಪಬಾರದು. ಇನ್ನೂ ಒಂದು ಎಚ್ಚರಿಕೆ: ಮೂತ್ರದಲ್ಲಿ ಸಕ್ಕರೆ ಹೋಗುವ ಮಧುಮೇಹಿಗಳಿಗೆ ಶಿಲೀಂಧ್ರ ಸೋಂಕೂ ಇದ್ದರೆ, ಬಾಟಲಿಯಲ್ಲಿ ಇಟ್ಟಲ್ಲೇ ಸಕ್ಕರೆ ಹುಳಿದು ಆಲ್ಕೋಹಾಲ್ ಹುಟ್ಟಬಹುದು. ಒಂದು ಹನಿ ಕುಡಿಯದವರಿಗೂ ಅಂಕಿ ಬರುವುದು ಹಾಗೆ.

## ರಕ್ತದ ಮಾದರಿಯೂ ಕೆಡುತ್ತದೆ

ಮೂರರಲ್ಲಿ ರಕ್ತವೇ ಗಟ್ಟಿ ಸಾಕ್ಷಿ, ಆದರೆ ಸರಿಯಾಗಿ ತೆಗೆದಿದ್ದರೆ ಮಾತ್ರ. ಚುಚ್ಚುವ ಜಾಗವನ್ನು ಸ್ಪಿರಿಟ್ ಹತ್ತಿಯಿಂದ ಒರೆಸುವುದು ಆಸ್ಪತ್ರೆಯ ರೂಢಿ. ಸ್ಪಿರಿಟ್ ಎಂದರೇ ಆಲ್ಕೋಹಾಲ್. ಈ ಪರೀಕ್ಷೆಗೆ ಪೊವಿಡೋನ್ ಅಯೋಡಿನ್ ಅಥವಾ ಸಾಬೂನು ನೀರು ಬಳಸಿ, ಚರ್ಮ ಒಣಗಿದ ಮೇಲೆ ಚುಚ್ಚಬೇಕು. ರಕ್ತ ಹಾಕುವ ಟ್ಯೂಬ್ ಬೂದು ಮುಚ್ಚಳದ್ದಾಗಿರಬೇಕು. ಅದರಲ್ಲಿ ಸೋಡಿಯಂ ಫ್ಲೋರೈಡ್ ಮತ್ತು ಪೊಟ್ಯಾಶಿಯಂ ಆಕ್ಸಲೇಟ್ ಇರುತ್ತವೆ. ಫ್ಲೋರೈಡ್ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಆಕ್ಸಲೇಟ್ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುತ್ತದೆ. ತುಂಬಿದ ಮೇಲೆ ಟ್ಯೂಬನ್ನು ನಿಧಾನವಾಗಿ ಹಲವು ಸಲ ತಲೆಕೆಳಗು ಮಾಡಿ ಬೆರೆಸಬೇಕು, ಬಿಗಿಯಾಗಿ ಮುಚ್ಚಿ ತಂಪಿನಲ್ಲಿಡಬೇಕು. ಫ್ಲೋರೈಡ್ ಇಲ್ಲದ ಟ್ಯೂಬ್ ಬೇಸಿಗೆಯಲ್ಲಿ ದಿನಗಟ್ಟಲೆ ಠಾಣೆಯ ಕಪಾಟಿನಲ್ಲಿ ಕೂತರೆ ಸೂಕ್ಷ್ಮಜೀವಿಗಳು ಆಲ್ಕೋಹಾಲನ್ನು ತಿಂದು ಅಂಕಿ ಇಳಿಸಬಹುದು, ಸಕ್ಕರೆಯಿಂದ ಹೊಸದಾಗಿ ಹುಟ್ಟಿಸಿ ಏರಿಸಲೂಬಹುದು. ಯಾವ ಕಡೆಗೆ ಕೆಟ್ಟಿತು ಎಂದು ಆಮೇಲೆ ಹೇಳುವುದು ಕಷ್ಟ.

ಲ್ಯಾಬಿನ ವಿಧಾನವೂ ಮುಖ್ಯ. ವಿಧಿವಿಜ್ಞಾನ ಪ್ರಯೋಗಾಲಯಗಳು ಬಳಸುವ ಗ್ಯಾಸ್ ಕ್ರೊಮಾಟೋಗ್ರಫಿಯಲ್ಲಿ ರಕ್ತದ ಮೇಲಿನ ಆವಿಯನ್ನು ಉದ್ದನೆಯ ಕೊಳವೆಯಲ್ಲಿ ಹಾಯಿಸುತ್ತಾರೆ. ಕುಡಿಯುವ ಆಲ್ಕೋಹಾಲ್, ಕೆಲವು ಸ್ಯಾನಿಟೈಸರ್‌ಗಳಲ್ಲಿರುವ ಐಸೊಪ್ರೊಪೈಲ್ ಆಲ್ಕೋಹಾಲ್, ಅಸಿಟೋನ್ ಎಲ್ಲ ಬೇರೆ ಬೇರೆ ಹೊತ್ತಿಗೆ ಹೊರಬಂದು ಬೇರೆಯಾಗಿ ಕಾಣುತ್ತವೆ. ಆಸ್ಪತ್ರೆಗಳ ಕಿಣ್ವ ಪರೀಕ್ಷೆ ಚಿಕಿತ್ಸೆಗೆ ಸಾಕು, ಆದರೆ ದೊಡ್ಡ ಗಾಯ ಅಥವಾ ಆಘಾತದಲ್ಲಿ ರಕ್ತದಲ್ಲಿ ಲ್ಯಾಕ್ಟೇಟ್ ಏರಿದ್ದರೆ ಇಲ್ಲದ ಆಲ್ಕೋಹಾಲ್ ತೋರಿಸುವ ಸಾಧ್ಯತೆ ಅದಕ್ಕಿದೆ. ಅಪಘಾತದ ಪ್ರಕರಣಗಳಲ್ಲಿ ಇದನ್ನು ಮರೆಯಬಾರದು.

ಕೊನೆಯದಾಗಿ ಸಮಯದ ಪ್ರಶ್ನೆ. ಅಪಘಾತವಾಗಿ ಎರಡು ಗಂಟೆಯ ಬಳಿಕ ತೆಗೆದ ರಕ್ತದಲ್ಲಿ 24 ಬಂದರೆ ಅಪಘಾತದ ಹೊತ್ತಿನಲ್ಲಿ ಎಷ್ಟಿತ್ತು? ಆಲ್ಕೋಹಾಲ್ ಇಳಿಯುವ ವೇಗ ಒಬ್ಬೊಬ್ಬರಲ್ಲಿ ಗಂಟೆಗೆ 10ರಿಂದ 25 ಮಿ.ಗ್ರಾಂ. ನಿಧಾನದವರ ಲೆಕ್ಕದಲ್ಲಿ 44, ವೇಗದವರ ಲೆಕ್ಕದಲ್ಲಿ 74. ಎರಡೂ ಮಿತಿ ಮೀರಿದ್ದೇ. ಆದರೆ ಅಪಘಾತಕ್ಕೆ ಸ್ವಲ್ಪ ಮೊದಲಷ್ಟೇ ಕುಡಿದಿದ್ದರೆ, ಹೊಟ್ಟೆ ತುಂಬ ಊಟವೂ ಆಗಿದ್ದರೆ, ಆ ಹೊತ್ತಿಗೆ ರಕ್ತದ ಅಂಕಿ ಇನ್ನೂ ಏರುತ್ತಿತ್ತು. ಆಗ ಹಿಂದಕ್ಕೆ ಕೂಡಿಸುವ ಈ ಲೆಕ್ಕ ನಡೆಯುವುದಿಲ್ಲ. ಕೊನೆಯ ಗುಟುಕು ಎಷ್ಟು ಹೊತ್ತಿಗೆ, ಊಟ ಯಾವಾಗ, ಊದಿಸಿದ್ದು ಯಾವಾಗ, ಸೂಜಿ ಚುಚ್ಚಿದ್ದು ಯಾವಾಗ, ಈ ನಾಲ್ಕು ಸಮಯ ಬರೆದಿರದ ವರದಿಯಿಂದ ಗಾಡಿ ಓಡಿಸುತ್ತಿದ್ದಾಗಿನ ಅಂಕಿಯನ್ನು ಯಾವ ತಜ್ಞರೂ ಲೆಕ್ಕ ಹಾಕಲಾರರು.